ಒಬ್ಬ ಟೆಸ್ಟರ್‌ನ ರೆಸ್ಯೂಮೆ ತಿದ್ದಿದ ಬಗೆ: ಫ್ರೇಮ್‌ವರ್ಕ್, ಬಗ್, ರಿಲೀಸ್ ಸಾಲುಗಳ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಟೆಸ್ಟರ್ ಬೆಂಗಳೂರಿನ ಒಂದು ಸರ್ವೀಸ್ ಕಂಪನಿಯಲ್ಲಿದ್ದವರು. ಒಟ್ಟು ಐದೂವರೆ ವರ್ಷದ ಅನುಭವ. ಮೊದಲ ಎರಡು ವರ್ಷ ಇನ್ನೊಂದು ಕಡೆ ಪೂರ್ತಿ ಮ್ಯಾನ್ಯುಅಲ್ ಟೆಸ್ಟಿಂಗ್. ಆಮೇಲಿನ ಮೂರೂವರೆ ವರ್ಷ, ಸಾಲ ಕೊಡುವ ಸಂಸ್ಥೆಯೊಂದರ ವೆಬ್ ಅಪ್ಲಿಕೇಶನ್ ಮತ್ತು ಅದರ ಹಿಂದಿನ ಎಪಿಐಗಳಿಗೆ ಆಟೊಮೇಷನ್. ಬಳಸಿದ್ದು ಜಾವಾ, ಸೆಲೆನಿಯಮ್ 4, ಟೆಸ್ಟ್‌ಎನ್‌ಜಿ, ಮೇವೆನ್, ರೆಸ್ಟ್ ಅಶ್ಯೂರ್ಡ್. ರಾತ್ರಿ ಓಡಿಸುವುದಕ್ಕೆ ಜೆಂಕಿನ್ಸ್, ಬಗ್ ದಾಖಲಿಸುವುದಕ್ಕೆ ಜಿರಾ. ಆಟೊಮೇಷನ್ ಎಂಜಿನಿಯರ್ ಕೆಲಸಕ್ಕೆ ಬದಲಾಗಬೇಕೆಂದು ಅರ್ಜಿ ಹಾಕತೊಡಗಿದ್ದರು.

ಹೆಸರು, ಕಂಪನಿ, ಕ್ಲೈಂಟ್ ಬಿಟ್ಟಿದೆ. ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿದೆ, ಅವುಗಳ ನಡುವಿನ ಅನುಪಾತ ಮಾತ್ರ ಹಾಗೇ ಇದೆ. ರೆಸ್ಯೂಮೆ ಇಂಗ್ಲಿಷಿನಲ್ಲಿತ್ತು, ಸಾಲುಗಳ ಸಾರವನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ಸಮಸ್ಯೆ ಎಲ್ಲಿತ್ತು

ನಾಲ್ಕು ಪುಟದ ರೆಸ್ಯೂಮೆ. ಎರಡು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಕಡೆ ಹಾಕಿದ್ದರೂ ಮೂರೇ ಕರೆ ಬಂದಿದ್ದವು. ಮೂರರಲ್ಲೂ ಮಾತು ಒಂದೇ ಜಾಗಕ್ಕೆ ಬಂದು ಸಿಕ್ಕಿಕೊಂಡಿತು. ಇಂಟರ್‌ವ್ಯೂ ಮಾಡಿದವರೊಬ್ಬರು ಕೇಳಿದ್ದು ನೇರವಾಗಿ: "ಈ ಫ್ರೇಮ್‌ವರ್ಕ್ ನೀವೇ ಕಟ್ಟಿದ್ದಾ, ಅಥವಾ ನೀವು ಬರೋ ಹೊತ್ತಿಗೆ ಇತ್ತಾ?" ರೆಸ್ಯೂಮೆಯಲ್ಲಿದ್ದ ಸಾಲು ಈ ಎರಡರಲ್ಲಿ ಯಾವುದಕ್ಕೂ ಉತ್ತರ ಕೊಡುತ್ತಿರಲಿಲ್ಲ:

"ಪೇಜ್ ಆಬ್ಜೆಕ್ಟ್ ಮಾಡೆಲ್ ಬಳಸಿದ ಹೈಬ್ರಿಡ್ ಫ್ರೇಮ್‌ವರ್ಕ್‌ನಲ್ಲಿ ಕೆಲಸ ಮಾಡಿದ ಅನುಭವ, ಅಪಾಚೆ ಪಿಒಐ ಮೂಲಕ ಎಕ್ಸೆಲ್‌ನಿಂದ ಡೇಟಾ ಓದುವುದು, ಎಕ್ಸ್‌ಟೆಂಟ್ ರಿಪೋರ್ಟ್."

ಬೆಂಗಳೂರಿನಲ್ಲಿ ಟೆಸ್ಟರ್‌ಗಳನ್ನು ಆಯ್ಕೆ ಮಾಡುವವರ ಮೇಜಿಗೆ ಈ ಸಾಲು ಹೆಚ್ಚು ಕಡಿಮೆ ಇದೇ ಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತರಬೇತಿ ಕೇಂದ್ರಗಳ ಮಾದರಿ ರೆಸ್ಯೂಮೆಯಿಂದ ಹೊರಟು ಕೈಯಿಂದ ಕೈಗೆ ದಾಟಿದ ಸಾಲು ಇದು. ಹೊಸಬರ ರೆಸ್ಯೂಮೆಯಲ್ಲೂ ಇರುತ್ತದೆ, ಹತ್ತು ವರ್ಷದವರದರಲ್ಲೂ ಇರುತ್ತದೆ. ಹಾಗಾಗಿ ಅದು ಸುಳ್ಳೇನೂ ಅಲ್ಲದಿದ್ದರೂ ಓದುವವರಿಗೆ ಏನನ್ನೂ ಹೇಳುವುದಿಲ್ಲ. ಇದರ ಜೊತೆಗೆ ಇನ್ನೂ ಮೂರು ದೊಡ್ಡ ಮಾತುಗಳಿದ್ದವು: "ಶೇ 83ರಷ್ಟು ಆಟೊಮೇಷನ್ ಸಾಧಿಸಿದ್ದು", "1,140ಕ್ಕೂ ಹೆಚ್ಚು ಡಿಫೆಕ್ಟ್ ಪತ್ತೆ", "ಗುಣಮಟ್ಟದ ರಿಲೀಸ್ ಖಾತ್ರಿಪಡಿಸಿದ್ದು".

ಹಿಂದಿನ ಲೀಡ್ ಒಬ್ಬರು ರೆಸ್ಯೂಮೆಯನ್ನು ಕೂತು ಓದಿ, ಪ್ರತಿ ಸಾಲಿನ ಪಕ್ಕದಲ್ಲಿ ಎರಡೇ ಪ್ರಶ್ನೆ ಬರೆದರು. ಈ ಅಂಕಿ ಎಲ್ಲಿಂದ ಬಂತು? ಇದರಲ್ಲಿ ನಿಮ್ಮ ಪಾಲೆಷ್ಟು? ಮುಂದೆ ನಡೆದದ್ದೆಲ್ಲ ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿದ ಕೆಲಸ.

ಮೊದಲು ಮಾಡಿ ನೋಡಿ ಕೈಬಿಟ್ಟದ್ದು

ಶುರುವಿನಲ್ಲಿ ಅವರು ಎಲ್ಲರೂ ಮಾಡುವುದನ್ನೇ ಮಾಡಿದರು. ಎರಡು ಕಾಲಂನ ಬಣ್ಣದ ಟೆಂಪ್ಲೇಟ್, ಕೌಶಲಗಳ ಪಕ್ಕದಲ್ಲಿ ಶೇಕಡಾವಾರು ಪಟ್ಟಿ, ಇನ್ನಷ್ಟು ಟೂಲ್‌ಗಳ ಹೆಸರು. ಕೆಲವು ಜಾಬ್ ಪೋರ್ಟಲ್‌ಗಳು ಫೈಲನ್ನು ಓದಿಕೊಳ್ಳುವಾಗ ಎರಡು ಕಾಲಂಗಳನ್ನು ಅಡ್ಡಡ್ಡ ಬೆಸೆದುಬಿಡುತ್ತವೆ. ಕಂಪನಿಯ ಹೆಸರಿನ ಪಕ್ಕದಲ್ಲಿ ಓದಿನ ವರ್ಷ ಬಂದು ಕೂರುತ್ತದೆ. ಇನ್ನು "ಸೆಲೆನಿಯಮ್ ಶೇ 90" ಎಂದರೆ ಯಾವ ನೂರಕ್ಕೆ ತೊಂಬತ್ತು ಎಂದು ಬರೆದವರಿಗೂ ಗೊತ್ತಿರುವುದಿಲ್ಲ. ವಾರದೊಳಗೆ ಮತ್ತೆ ಸಾದಾ ಒಂದೇ ಕಾಲಂಗೆ ಮರಳಿದರು. ಟೂಲ್‌ಗಳ ಪಟ್ಟಿಯಿಂದ ಡೆಮೊ ವಿಡಿಯೊ ನೋಡಿದ್ದಷ್ಟೇ ಆಗಿದ್ದ ನಾಲ್ಕು ಹೆಸರು ಹೋದವು.

ಫ್ರೇಮ್‌ವರ್ಕ್ ಸಾಲು: ಯಾರು ಕಟ್ಟಿದ್ದು

ಅಸಲು ಸಂಗತಿ ಹೀಗಿತ್ತು. ಫ್ರೇಮ್‌ವರ್ಕ್‌ನ ಅಸ್ಥಿಪಂಜರ, ಅಂದರೆ ಮೇವೆನ್ ಪ್ರಾಜೆಕ್ಟ್, ಬೇಸ್ ಕ್ಲಾಸ್, ಮೊದಲ ಹತ್ತಾರು ಪೇಜ್ ಕ್ಲಾಸ್‌ಗಳು ಇವರು ಬರುವ ಮೊದಲೇ ಇದ್ದವು. ಇವರ ಮನಸ್ಸಿನಲ್ಲಿದ್ದ ಭಯವೂ ಅದೇ: "ನಾನು ಕಟ್ಟಿದ್ದಲ್ಲ ಅಂತ ಬರೆದರೆ ಬೆಲೆ ಕಡಿಮೆಯಾಗುತ್ತೆ." ಅದಕ್ಕೇ ಸಾಲನ್ನು ಮಬ್ಬಾಗಿ ಇಟ್ಟಿದ್ದರು.

ತಮ್ಮ ಪಾಲನ್ನು ತಿಳಿಯಲು ಇನ್ನೂ ಕೆಲಸದಲ್ಲಿದ್ದಾಗಲೇ ಆಫೀಸಿನ ಯಂತ್ರದಲ್ಲಿ ರೆಪೊಸಿಟರಿಯನ್ನೇ ಕೇಳಿದರು:

```
git shortlog -sn --no-merges HEAD -- src/test
```

ಇದು ಟೆಸ್ಟ್ ಫೋಲ್ಡರ್‌ನಲ್ಲಿ ಯಾರದು ಎಷ್ಟು ಕಮಿಟ್ ಎಂದು ತೋರಿಸುತ್ತದೆ. ಮರ್ಜ್ ಕಮಿಟ್‌ಗಳನ್ನು ಬಿಡದಿದ್ದರೆ ಲೆಕ್ಕ ಊದಿಕೊಳ್ಳುತ್ತದೆ. ಕಮಿಟ್ ಎಣಿಕೆಯನ್ನು ರೆಸ್ಯೂಮೆಗೆ ಹಾಕುವುದಲ್ಲ, ಅದಕ್ಕೆ ಅರ್ಥವಿಲ್ಲ; ಆದರೆ ತಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ಓದುತ್ತಾ ಹೋದಾಗ ಮರೆತೇಹೋಗಿದ್ದ ಕೆಲಸ ಮೇಲೆ ಬಂತು. ತಿರುವು ಸಿಕ್ಕಿದ್ದು ಇಲ್ಲಿ.

ಬೇಸ್ ಕ್ಲಾಸ್‌ನಲ್ಲಿ ಬ್ರೌಸರ್ ಡ್ರೈವರ್ ಅನ್ನು `static` ಎಂದು ಘೋಷಿಸಲಾಗಿತ್ತು. ಒಂದೇ ಥ್ರೆಡ್‌ನಲ್ಲಿ ಓಡಿಸುವಾಗ ತೊಂದರೆಯಿಲ್ಲ. ಟೆಸ್ಟ್‌ಎನ್‌ಜಿಯಲ್ಲಿ ಪ್ಯಾರಲಲ್ ಎಂದು ಹಾಕಿದ ಕೂಡಲೇ ಎಲ್ಲ ಟೆಸ್ಟ್‌ಗಳೂ ಒಂದೇ ಡ್ರೈವರ್‌ಗೆ ಜೋತುಬೀಳುತ್ತವೆ: ಒಂದು ಟೆಸ್ಟ್ ಲಾಗಿನ್ ಪುಟ ತೆರೆಯುತ್ತಿದ್ದರೆ ಇನ್ನೊಂದು ಅದೇ ಕಿಟಕಿಯಲ್ಲಿ ಕಂತಿನ ಪಟ್ಟಿ ಹುಡುಕುತ್ತದೆ. ಇವರು ಅದನ್ನು `ThreadLocal<WebDriver>` ಆಗಿ ಬದಲಿಸಿ ಪ್ರತಿ ಥ್ರೆಡ್‌ಗೂ ಅದರದೇ ಡ್ರೈವರ್ ಸಿಗುವಂತೆ ಮಾಡಿದ್ದರು. ಎಲ್ಲೆಂದರಲ್ಲಿ ಚೆಲ್ಲಿದ್ದ `Thread.sleep` ತೆಗೆದು, ಬೇಕಾದ ಎಲಿಮೆಂಟ್ ಬರುವವರೆಗೆ ಮಾತ್ರ ಕಾಯುವ `WebDriverWait` ಹಾಕಿದ್ದರು. ಹಿಂದೆ ಪೂರ್ತಿ ಓಡಲು 200 ನಿಮಿಷ ಹಿಡಿಯುತ್ತಿದ್ದ ರಿಗ್ರೆಷನ್ ನಾಲ್ಕು ಥ್ರೆಡ್‌ನಲ್ಲಿ 58 ನಿಮಿಷಕ್ಕೆ ಇಳಿದಿತ್ತು. ನಾಲ್ಕರಿಂದ ಭಾಗಿಸಿದರೆ 50 ಆಗಬೇಕು. ಉಳಿದ ಎಂಟು ನಿಮಿಷ ಬ್ರೌಸರ್ ತೆರೆಯುವುದರಲ್ಲಿ ಮತ್ತು ಒಂದರ ಹಿಂದೆ ಒಂದು ಓಡಲೇಬೇಕಾದ ಕೆಲವು ಟೆಸ್ಟ್‌ಗಳಲ್ಲಿ ಹೋಗುತ್ತಿತ್ತು. ಇಂಥ ಹೊಂದಿಕೆಯಾಗದ ಎಂಟು ನಿಮಿಷವೇ ಅಂಕಿ ನಿಜವೆಂದು ತೋರಿಸುತ್ತದೆ. ಕೆಲಸ ಮಾಡಿದವರಿಗಷ್ಟೇ ಅದರ ಕಾರಣ ಗೊತ್ತಿರುತ್ತದೆ.

ಹೊಸ ಸಾಲು ಹೀಗಾಯಿತು: "ಈಗಾಗಲೇ ಇದ್ದ ಸೆಲೆನಿಯಮ್ ಮತ್ತು ಟೆಸ್ಟ್‌ಎನ್‌ಜಿ ಫ್ರೇಮ್‌ವರ್ಕ್ ಅನ್ನು ಪ್ಯಾರಲಲ್ ಓಟಕ್ಕೆ ಹೊಂದಿಸಿದ್ದು (ಪ್ರತಿ ಥ್ರೆಡ್‌ಗೂ ಬೇರೆ ಡ್ರೈವರ್, ಎಕ್ಸ್‌ಪ್ಲಿಸಿಟ್ ವೇಟ್), ರಾತ್ರಿಯ ಓಟ 200 ನಿಮಿಷದಿಂದ 58 ನಿಮಿಷಕ್ಕೆ. ಎಪಿಐ ಟೆಸ್ಟ್‌ಗಳ ಪದರವನ್ನು ಮೊದಲಿನಿಂದ ಬರೆದದ್ದು." "ಈಗಾಗಲೇ ಇದ್ದ" ಎಂಬ ಮಾತೇ ಸಾಲಿಗೆ ಬಲ ಕೊಟ್ಟಿತು. ಕಟ್ಟಿದ್ದು, ಹಿಗ್ಗಿಸಿದ್ದು, ಬಳಸಿದ್ದು ಮೂರೂ ಬೇರೆ ಬೇರೆ ಕೆಲಸ. ಎಪಿಐ ಪದರ ಕಟ್ಟಿದ್ದು, ಬ್ರೌಸರ್ ಭಾಗ ಹಿಗ್ಗಿಸಿದ್ದು, ರಿಪೋರ್ಟಿಂಗ್ ಬಳಸಿದ್ದು. ಮೂರನೆಯದನ್ನು ಅನುಭವದ ಸಾಲಿನಿಂದ ತೆಗೆದು ಕೌಶಲಗಳ ಪಟ್ಟಿಗೆ ಹಾಕಿದರು.

ಶೇ 83 ಎಂಬ ಅಂಕಿ

ರಿಗ್ರೆಷನ್‌ನಲ್ಲಿ ಒಟ್ಟು 620 ಟೆಸ್ಟ್ ಕೇಸುಗಳಿದ್ದವು. ಅದರಲ್ಲಿ ಆಟೊಮೇಟ್ ಮಾಡಬಹುದು ಎಂದು ತಂಡ ಗುರುತಿಸಿದ್ದು 410. ಬರೆದು ಮುಗಿದದ್ದು 340. ಹಾಗಾಗಿ 410ಕ್ಕೆ ಲೆಕ್ಕ ಹಾಕಿದರೆ ಶೇ 83, 620ಕ್ಕೆ ಹಾಕಿದರೆ ಶೇ 55. ಮ್ಯಾನೇಜರ್‌ಗಳ ಸ್ಲೈಡ್‌ನಲ್ಲಿ ಮೊದಲನೆಯದು ಓಡಾಡುತ್ತಿತ್ತು, ಇವರೂ ಅದನ್ನೇ ಎತ್ತಿಕೊಂಡಿದ್ದರು.

ಯಾವುದನ್ನು ಬರೆಯಬೇಕು? ಶೇಕಡಾ ಬಿಟ್ಟು "620 ರಿಗ್ರೆಷನ್ ಕೇಸುಗಳಲ್ಲಿ 340 ಆಟೊಮೇಟೆಡ್, ಅದರಲ್ಲಿ ಸುಮಾರು 210 ನಾನು ಬರೆದದ್ದು" ಎಂದು ಹಾಕುವುದೆಂದು ತೀರ್ಮಾನವಾಯಿತು. ಮೇಲ್ನೋಟಕ್ಕೆ ಸಣ್ಣದಾಗಿ ಕಾಣುತ್ತದೆ. ಆದರೆ ಆಟೊಮೇಷನ್ ಗೊತ್ತಿರುವ ಯಾರೂ ಶೇ 83 ಕಂಡಾಗ ಯಾವುದರ ಶೇಕಡಾ ಎಂದು ಕೇಳದೆ ಬಿಡುವುದಿಲ್ಲ. ಹಾಗೆ ಕೇಳಿಸಿಕೊಂಡು ಆಮೇಲೆ 55 ಎಂದು ಒಪ್ಪಿಕೊಳ್ಳುವುದಕ್ಕಿಂತ, ಮೊದಲೇ 340 ಎಂದಿರುವುದು ವಾಸಿ.

ಇನ್ನೂ ಒಂದು ತೊಡಕಿತ್ತು. 340ರಲ್ಲಿ ಎಷ್ಟು ನಂಬಿಕೆಗೆ ಅರ್ಹ? ತಂಡದಲ್ಲಿ ಮೊದಲು `IRetryAnalyzer` ಮೂಲಕ ಫೇಲಾದ ಟೆಸ್ಟನ್ನು ತಾನಾಗಿಯೇ ಎರಡು ಸಲ ಮತ್ತೆ ಓಡಿಸುವ ಏರ್ಪಾಡಿತ್ತು. ಬೆಳಗ್ಗೆ ರಿಪೋರ್ಟ್ ಹಸಿರಾಗಿ ಕಾಣುತ್ತಿತ್ತು, ಒಳಗೆ ಹತ್ತಾರು ಟೆಸ್ಟ್‌ಗಳು ಮೂರನೇ ಸಲಕ್ಕೆ ಪಾಸಾಗಿರುತ್ತಿದ್ದವು. ಇವರು ರೀಟ್ರೈ ತೆಗೆಸಿದಾಗ ಒಂದು ರಾತ್ರಿಗೆ ಮೂವತ್ತರಷ್ಟು ಫೇಲ್ ಬಂದವು; ನಿಜವಾದ ಬಗ್ ಅದರಲ್ಲಿ ನಾಲ್ಕು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಹಲವು ಟೆಸ್ಟ್‌ಗಳು ಅದೇ ಮೂರು ಗ್ರಾಹಕರ ಖಾತೆಗಳನ್ನು ಹಂಚಿಕೊಂಡಿದ್ದವು. ಒಂದು ಟೆಸ್ಟ್ ಸಾಲ ಮುಚ್ಚಿದರೆ, ಅದೇ ಹೊತ್ತಿಗೆ ಇನ್ನೊಂದು ಅದೇ ಸಾಲಕ್ಕೆ ಕಂತು ಕಟ್ಟಲು ಹೋಗುತ್ತಿತ್ತು. ಪ್ರತಿ ಟೆಸ್ಟ್ ತನಗೆ ಬೇಕಾದ ಗ್ರಾಹಕನನ್ನು ಎಪಿಐ ಮೂಲಕ ತಾನೇ ಹುಟ್ಟಿಸಿಕೊಳ್ಳುವಂತೆ ಬದಲಾಯಿಸಿದ ಮೇಲೆ ಸುಳ್ಳು ಫೇಲ್‌ಗಳು ದಿನಕ್ಕೆ ಎರಡು ಮೂರಕ್ಕೆ ಬಂದವು. ಹಳೆಯ ರೆಸ್ಯೂಮೆಯಲ್ಲಿ ಈ ಕೆಲಸದ ಸುಳಿವೇ ಇರಲಿಲ್ಲ! ಹೊಸದರಲ್ಲಿ ಇದಕ್ಕೇ ಒಂದು ಸಾಲು ಮೀಸಲಾಯಿತು, ಮತ್ತು ಇಂಟರ್‌ವ್ಯೂಗಳಲ್ಲಿ ಅತಿ ಹೆಚ್ಚು ಹೊತ್ತು ಮಾತಾದದ್ದೂ ಈ ಸಾಲಿನ ಮೇಲೆ.

ಬಗ್‌ಗಳು: ಎಣಿಕೆ ಬೇಡ, ಒಂದು ಸಾಕು

1,140 ಎಂಬುದು ಇಡೀ ತಂಡದ ಲೆಕ್ಕ ಎಂದು ಜಿರಾ ತೆರೆದ ಕೂಡಲೇ ಗೊತ್ತಾಯಿತು. ತಮ್ಮವನ್ನಷ್ಟೇ ಹೊರತೆಗೆಯಲು ಅವರು ಬಳಸಿದ್ದು:

```
project = LOAN AND issuetype = Bug
AND reporter = currentUser() AND resolution = Fixed
AND priority in (Highest, High)
```

ಪ್ರಾಜೆಕ್ಟ್ ಕೀ ಇಲ್ಲಿ ಬದಲಿಸಿದೆ. ರೆಸಲ್ಯೂಷನ್ ಮತ್ತು ಪ್ರಯಾರಿಟಿ ಹೆಸರುಗಳೂ ಕಂಪನಿಯಿಂದ ಕಂಪನಿಗೆ ಬೇರೆ ಇರಬಹುದು. ಇವರು ದಾಖಲಿಸಿದ್ದು 412, ಸರಿಪಡಿಸಲ್ಪಟ್ಟದ್ದು 298, ಅದರಲ್ಲಿ ಹೈ ಮತ್ತು ಮೇಲಿನವು 61. ಉಳಿದವು ಡೂಪ್ಲಿಕೇಟ್, ಮರುಕಳಿಸದವು, ಮಾಡುವುದಿಲ್ಲ ಎಂದು ಮುಚ್ಚಿದವು.

ಈ ಅಂಕಿಗಳನ್ನೂ ಕೊನೆಗೆ ಬಿಟ್ಟರು. ಬಗ್‌ಗಳ ಸಂಖ್ಯೆ ಟೆಸ್ಟರ್‌ನ ಚುರುಕಿಗಿಂತ ಡೆವಲಪರ್‌ಗಳ ಕೋಡ್ ಎಷ್ಟು ಹಸಿಯಾಗಿತ್ತು ಎಂಬುದನ್ನೇ ಹೆಚ್ಚು ಹೇಳುತ್ತದೆ. ಅಕ್ಷರ ತಪ್ಪಿಗೆ ಪುಟಕ್ಕೊಂದು ಬಗ್ ಹಾಕಿದರೂ ಲೆಕ್ಕ ಏರುತ್ತದೆ. ಬದಲಿಗೆ 61ರ ಪಟ್ಟಿಯನ್ನು ಓದಿ, ಬೇರೆಯವರಿಗೆ ಸುಲಭಕ್ಕೆ ಸಿಗದಂಥದ್ದನ್ನು ಆರಿಸಿದರು.

ಆರಿಸಿದ್ದು ಕಂತಿನ ದಿನಾಂಕದ ಬಗ್. ಕಂತಿನ ಪಟ್ಟಿ ತಯಾರಿಸುವ ಮಾಡ್ಯೂಲನ್ನು ಡೆವಲಪರ್‌ಗಳು ಹೊಸದಾಗಿ ಬರೆದಿದ್ದರು. ಮ್ಯಾನ್ಯುಅಲ್ ಟೆಸ್ಟ್ ಕೇಸುಗಳಲ್ಲಿ ಸಾಲ ಶುರುವಾಗುವ ದಿನ ಯಾವಾಗಲೂ 5 ಅಥವಾ 10. ಡೇಟಾ ಶೀಟಿನಲ್ಲಿ ಹಾಗೆ ಬಂದಿತ್ತು, ಯಾರೂ ಬದಲಿಸಿರಲಿಲ್ಲ. ಇವರು ಎಪಿಐ ಟೆಸ್ಟಿನಲ್ಲಿ ಜನವರಿ 31ಕ್ಕೆ ಸಾಲ ಶುರು ಮಾಡಿ ಹನ್ನೆರಡೂ ಕಂತಿನ ದಿನಾಂಕ ಪರೀಕ್ಷಿಸಿದರು. ಫೆಬ್ರುವರಿ 28 ಬಂತು, ಅದು ಸರಿ. ಮಾರ್ಚ್‌ನಲ್ಲೂ 28, ಏಪ್ರಿಲ್‌ನಲ್ಲೂ 28. ಹಿಂದಿನ ಕಂತಿನ ದಿನಾಂಕಕ್ಕೇ ಒಂದೊಂದು ತಿಂಗಳು ಕೂಡಿಸುತ್ತಾ ಹೋಗಿದ್ದು ಕಾರಣ:

```java
LocalDate d = LocalDate.of(2023, 1, 31);
d.plusMonths(1).plusMonths(1); // 2023-03-28
d.plusMonths(2);               // 2023-03-31
```

ಜಾವಾದ ತಪ್ಪಲ್ಲ ಇದು. ಫೆಬ್ರುವರಿಯಲ್ಲಿ 31 ಇಲ್ಲದ್ದರಿಂದ ಅದು 28ಕ್ಕೆ ಇಳಿಸುತ್ತದೆ. ಒಮ್ಮೆ ಇಳಿದ ಮೇಲೆ ಮೂಲ ದಿನ ಯಾವುದಿತ್ತೆಂಬುದು ಆ ದಿನಾಂಕದಲ್ಲಿ ಉಳಿದಿರುವುದಿಲ್ಲ. ಪ್ರತಿ ಸಲ ಮೊದಲ ದಿನಾಂಕದಿಂದಲೇ ಎಣಿಸಬೇಕು. ಹೀಗೇ ಬಿಟ್ಟಿದ್ದರೆ 31ಕ್ಕೆ ಕಟ್ಟಿದ ಗ್ರಾಹಕನಿಗೆ ಮೂರು ದಿನ ತಡವೆಂದು ದಂಡ ಬೀಳುತ್ತಿತ್ತು. ರಿಲೀಸ್ ಎರಡು ದಿನ ಮುಂದಕ್ಕೆ ಹೋಯಿತು.

ರೆಸ್ಯೂಮೆಯ ಮೊದಲ ಕರಡಿನಲ್ಲಿ ಇವರು "ಇದರಿಂದ ಕ್ಲೈಂಟ್‌ಗೆ ಲಕ್ಷಾಂತರ ರೂಪಾಯಿ ಉಳಿತಾಯ" ಎಂದು ಸೇರಿಸಿದ್ದರು. ಎಷ್ಟು ಸಾಲಗಳು 29, 30, 31ಕ್ಕೆ ಶುರುವಾಗುತ್ತವೆ ಎಂಬ ಲೆಕ್ಕ ಅವರ ಬಳಿ ಇರಲಿಲ್ಲ. ಲೀಡ್ ಗೆರೆ ಎಳೆದರು. ಉಳಿದದ್ದು: "ತಿಂಗಳ ಕೊನೆಯಲ್ಲಿ ಶುರುವಾಗುವ ಸಾಲಗಳ ಕಂತಿನ ದಿನಾಂಕ ಫೆಬ್ರುವರಿ ನಂತರ 28ಕ್ಕೇ ನಿಲ್ಲುವ ದೋಷವನ್ನು ರಿಲೀಸ್‌ಗೆ ಮೊದಲೇ ಎಪಿಐ ಟೆಸ್ಟಿನಲ್ಲಿ ಹಿಡಿದದ್ದು, ದಿನಾಂಕದ ಗಡಿಗಳಿಗೆ 14 ಟೆಸ್ಟ್‌ಗಳನ್ನು ರಿಗ್ರೆಷನ್‌ಗೆ ಸೇರಿಸಿದ್ದು." ಬಗ್ ಸಿಕ್ಕಿತು ಎಂಬುದಕ್ಕಿಂತ ಅದು ಮತ್ತೆ ನುಸುಳದಂತೆ ಏನು ಮಾಡಿದಿರಿ ಎಂಬ ಎರಡನೇ ಭಾಗವೇ ಟೆಸ್ಟರ್‌ನ ಕೆಲಸವನ್ನು ಹೆಚ್ಚು ತೋರಿಸುತ್ತದೆ.

ಪಟ್ಟಿಯಲ್ಲಿ ಇದಕ್ಕಿಂತ ರೋಚಕವಾದದ್ದು ಇನ್ನೊಂದಿತ್ತು, ಒಟಿಪಿ ಪರಿಶೀಲನೆಗೆ ಸಂಬಂಧಿಸಿದ್ದು. ಅದನ್ನು ಬರೆಯಲಿಲ್ಲ. ಸರಿಪಡಿಸಿ ಆಗಿದ್ದರೂ ಕ್ಲೈಂಟ್‌ನ ಸುರಕ್ಷತಾ ದೋಷವನ್ನು ಹೊರಗೆ ವಿವರಿಸುವುದು ಗೌಪ್ಯತೆಯ ಒಪ್ಪಂದಕ್ಕೆ ವಿರುದ್ಧ. ಸಾಲದ್ದಕ್ಕೆ, ಹಿಂದಿನ ಕ್ಲೈಂಟ್‌ನ ಗುಟ್ಟು ಹೇಳುವವರನ್ನು ಹೊಸಬರು ಏಕೆ ನಂಬಬೇಕು?

ರಿಲೀಸ್ ಬಗ್ಗೆ ಏನು ಹೇಳಬಹುದು

"ಗುಣಮಟ್ಟದ ರಿಲೀಸ್ ಖಾತ್ರಿಪಡಿಸಿದ್ದು" ಎಂಬ ಸಾಲು ಎಲ್ಲಕ್ಕಿಂತ ಕಷ್ಟ ಕೊಟ್ಟಿತು. ಭರವಸೆಯನ್ನು ನೇರವಾಗಿ ಅಳೆಯಲಾಗುವುದಿಲ್ಲ. ಕೈಗೆ ಸಿಗುವುದು ಎರಡು: ರಿಲೀಸ್ ಬಿಡಬೇಕೋ ಬೇಡವೋ ಎಂದು ನಿರ್ಧರಿಸುವ ಮೀಟಿಂಗ್‌ಗೆ ಟೆಸ್ಟರ್ ಏನನ್ನು, ಯಾವ ಹೊತ್ತಿಗೆ ಮೇಜಿನ ಮೇಲಿಡುತ್ತಾರೆ ಎಂಬುದು, ರಿಲೀಸ್ ಆದ ಮೇಲೆ ಪ್ರೊಡಕ್ಷನ್‌ನಲ್ಲಿ ಏನು ಸಿಕ್ಕಿತು ಎಂಬುದು.

ಎರಡನೆಯದಕ್ಕೆ ಲೆಕ್ಕ ಮಾಡಿದರು. ಪ್ರತಿ ರಿಲೀಸ್ ನಂತರದ 30 ದಿನಗಳಲ್ಲಿ ಪ್ರೊಡಕ್ಷನ್‌ನಲ್ಲಿ ಕಂಡ ಬಗ್‌ಗಳನ್ನು, ಒಳಗೆ ಮತ್ತು ಹೊರಗೆ ಸಿಕ್ಕ ಒಟ್ಟು ಬಗ್‌ಗಳಿಂದ ಭಾಗಿಸುವುದು. ಮೊದಲ ವರ್ಷ 180ರಲ್ಲಿ 9, ಅಂದರೆ ಶೇ 5. ಬದಲಾವಣೆಗಳ ನಂತರದ ವರ್ಷ 150ರಲ್ಲಿ 3, ಅಂದರೆ ಶೇ 2. ಎರಡೂ ವರ್ಷ ಹನ್ನೆರಡೇ ರಿಲೀಸ್. "ಪ್ರೊಡಕ್ಷನ್‌ಗೆ ಬಗ್ ಸೋರಿಕೆ ಶೇ 60 ಇಳಿಕೆ" ಎಂದು ಬರೆಯುವ ಆಸೆ ಸಹಜ, ಗಣಿತವೂ ಸರಿಯೇ. ಆದರೆ 9ರಿಂದ 3ಕ್ಕೆ ಎಂಬುದು ಸಣ್ಣ ಸಂಖ್ಯೆ, ಒಂದೆರಡು ಕೆಟ್ಟ ವಾರಗಳಲ್ಲಿ ಮೇಲೆ ಕೆಳಗೆ ಆಗಬಲ್ಲದ್ದು. ಅದೇ ವರ್ಷ ಡೆವಲಪರ್‌ಗಳು ಕೋಡ್ ರಿವ್ಯೂ ಕಡ್ಡಾಯ ಮಾಡಿದ್ದರಿಂದ ಪೂರ್ತಿ ಶ್ರೇಯಸ್ಸು ಆಟೊಮೇಷನ್‌ಗೆ ಸಲ್ಲುವುದೂ ಇಲ್ಲ. ಹಾಗಾಗಿ ಶೇಕಡಾ ಬಿಟ್ಟು ಎಣಿಕೆಯನ್ನೇ ಇಟ್ಟರು, "ನನ್ನಿಂದ" ಎಂಬ ಧ್ವನಿ ತೆಗೆದರು:

"ತಿಂಗಳ ರಿಲೀಸ್‌ನ ನಿರ್ಧಾರಕ್ಕೆ ಬೆಳಗ್ಗೆ 9.30ರೊಳಗೆ ರಿಗ್ರೆಷನ್ ಫಲಿತಾಂಶ, ತೆರೆದಿರುವ ಹೈ ಬಗ್‌ಗಳು ಮತ್ತು ಪರೀಕ್ಷಿಸದೆ ಬಿಟ್ಟ ಭಾಗಗಳ ಒಂದು ಪುಟದ ವರದಿ ಕೊಡುತ್ತಿದ್ದದ್ದು. ಈ ಅವಧಿಯಲ್ಲಿ ತಂಡದ ಪ್ರೊಡಕ್ಷನ್ ಬಗ್‌ಗಳು ವರ್ಷಕ್ಕೆ 9ರಿಂದ 3ಕ್ಕೆ (12 ರಿಲೀಸ್, ತಲಾ 30 ದಿನ)."

"ಪರೀಕ್ಷಿಸದೆ ಬಿಟ್ಟ ಭಾಗಗಳು" ಎಂಬ ಮಾತನ್ನು ಅವರು ಮೊದಲು ಅಳಿಸಲು ಹೊರಟಿದ್ದರು, ಕೊರತೆ ಒಪ್ಪಿಕೊಂಡಂತೆ ಕಾಣುತ್ತದೆ ಎಂದು. ಅದು ಉಳಿಯಿತು. ಯಾವುದನ್ನು ನೋಡಿಲ್ಲ ಎಂದು ಹೇಳಬಲ್ಲ ವರದಿಯ ಮೇಲಷ್ಟೇ ಮ್ಯಾನೇಜರ್ ನಿರ್ಧಾರ ತೆಗೆದುಕೊಳ್ಳಬಹುದು, ಮತ್ತು ಹೊಸ ಕೆಲಸ ಕೊಡುವವರೂ ಅಂಥ ಮ್ಯಾನೇಜರ್‌ಗಳೇ.

ಏನಾಯಿತು

ನಾಲ್ಕು ಪುಟ ಎರಡಾಯಿತು. ಮ್ಯಾನ್ಯುಅಲ್ ಟೆಸ್ಟಿಂಗ್‌ನ ಮೊದಲ ಕೆಲಸಕ್ಕೆ ಮೂರೇ ಸಾಲು. ಮುಂದಿನ ಇಪ್ಪತ್ತೈದು ಅರ್ಜಿಗಳಿಗೆ ಆರು ಕರೆ ಬಂದವು. ಇದನ್ನು ಪೂರ್ತಿ ರೆಸ್ಯೂಮೆಯ ಲೆಕ್ಕಕ್ಕೆ ಹಾಕುವಂತಿಲ್ಲ, ಏಕೆಂದರೆ ಈ ನಡುವೆ ಅವರು ರಾಜೀನಾಮೆ ಕೊಟ್ಟು 90 ದಿನದ ನೋಟಿಸ್‌ನಲ್ಲಿ ಅರ್ಧ ಕಳೆದಿತ್ತು. ಬೇಗ ಸೇರಬಲ್ಲವರಿಗೆ ಎಚ್‌ಆರ್ ಕರೆಗಳು ಹೇಗೂ ಹೆಚ್ಚುತ್ತವೆ. ಖಚಿತವಾಗಿ ಬದಲಾದದ್ದು ಕೇಳಿದ ಪ್ರಶ್ನೆಗಳು. "ಸೆಲೆನಿಯಮ್ ಎಂದರೇನು" ಎಂಬಲ್ಲಿಂದ ಶುರುವಾಗುತ್ತಿದ್ದ ಮಾತು ಈಗ ನೇರ ಸಾಲಿನಿಂದಲೇ ಶುರುವಾಯಿತು. "ನಾಲ್ಕೇ ಥ್ರೆಡ್ ಯಾಕೆ, ಎಂಟು ಹಾಕಬಹುದಿತ್ತಲ್ಲ?" ಎಂದು ಒಬ್ಬರು ಕೇಳಿದರು. ಆರು ಹಾಕಿ ನೋಡಿದ್ದರು. ಜೆಂಕಿನ್ಸ್ ಯಂತ್ರದ 16 ಜಿಬಿ ಮೆಮೊರಿಯಲ್ಲಿ ಅಷ್ಟು ಕ್ರೋಮ್‌ಗಳು ಒಟ್ಟಿಗೆ ತೆರೆದಾಗ ಪುಟಗಳು ನಿಧಾನವಾಗಿ ಟೈಮ್‌ಔಟ್ ಹೆಚ್ಚಾಗಿತ್ತು. ಆ ಉತ್ತರ ರೆಸ್ಯೂಮೆಯಲ್ಲಿ ಇರಬೇಕಿಲ್ಲ, ಪ್ರಶ್ನೆ ಹುಟ್ಟುವಂತೆ ಸಾಲು ಇದ್ದರೆ ಸಾಕು.

ಒಂದು ಕಡೆ ಪ್ಲೇರೈಟ್ ಮತ್ತು ಟೈಪ್‌ಸ್ಕ್ರಿಪ್ಟ್ ಬೇಕಿತ್ತು. ಎರಡೂ ಇಲ್ಲವೆಂದು ರೆಸ್ಯೂಮೆಯಿಂದಲೇ ಸ್ಪಷ್ಟವಿದ್ದುದರಿಂದ ಕರೆ ಹತ್ತು ನಿಮಿಷದಲ್ಲಿ ಮುಗಿಯಿತು, ಇಬ್ಬರ ಹೊತ್ತೂ ಉಳಿಯಿತು. ಇನ್ನೊಂದು ಕಡೆ ಮೂರು ಸುತ್ತು ಮುಗಿದು ಆಫರ್ ಬಂತು. ಅಲ್ಲಿ ಎರಡನೇ ಸುತ್ತಿನಲ್ಲಿ ಲ್ಯಾಪ್‌ಟಾಪ್ ಕೊಟ್ಟು, `static` ಡ್ರೈವರ್ ಇದ್ದ ಒಂದು ಸಣ್ಣ ಪ್ರಾಜೆಕ್ಟನ್ನು ಪ್ಯಾರಲಲ್ ಮಾಡಿಸಿದರು.

ಈ ವಿಧಾನಕ್ಕೆ ಒಂದು ಗಡಿಯಿದೆ. ಕೆಲಸ ಬಿಟ್ಟ ದಿನವೇ ಜಿರಾ, ಗಿಟ್, ಜೆಂಕಿನ್ಸ್ ಎಲ್ಲದರ ಪ್ರವೇಶ ಮುಚ್ಚುತ್ತದೆ. ಇವರು ಇನ್ನೂ ಒಳಗಿದ್ದಾಗಲೇ ನೋಡಿಕೊಂಡದ್ದರಿಂದ ಅಂಕಿಗಳು ಸಿಕ್ಕವು. ಹಾಗೆಂದು ಜಿರಾದಿಂದ ಫೈಲ್ ಇಳಿಸಿ ಸ್ವಂತ ಮೇಲ್‌ಗೆ ಕಳಿಸುವುದು ಕೆಲಸಕ್ಕೇ ಕುತ್ತು ತರಬಲ್ಲದು. ಅದು ಕ್ಲೈಂಟ್‌ನ ಡೇಟಾ. ಇವರು ಬರೆದುಕೊಂಡದ್ದು ಯಾರ ಹೆಸರೂ ಇಲ್ಲದ ಎಣಿಕೆಗಳನ್ನಷ್ಟೇ: ಯಾವ ಅವಧಿ, ಎಷ್ಟು ಟೆಸ್ಟ್, ಎಷ್ಟು ನಿಮಿಷ, ಎಷ್ಟು ಬಗ್, ಲೆಕ್ಕ ಮಾಡಿದ್ದು ಹೇಗೆ. ಮೊದಲ ಕಂಪನಿಯ ಎರಡು ವರ್ಷಕ್ಕೆ ಅಂಥ ಟಿಪ್ಪಣಿ ಇರಲಿಲ್ಲ, ನೆನಪಿನಿಂದ ಅಂಕಿ ಹುಟ್ಟಿಸಲು ಅವರು ಹೋಗಲಿಲ್ಲ. ಅಲ್ಲಿನ ಮೂರು ಸಾಲುಗಳಲ್ಲಿ ಒಂದೂ ಸಂಖ್ಯೆಯಿಲ್ಲ; ಯಾವ ಮಾಡ್ಯೂಲ್‌ಗಳನ್ನು ಪರೀಕ್ಷಿಸಿದ್ದು, ಯಾವ ಬಗೆಯ ಟೆಸ್ಟಿಂಗ್, ಎಷ್ಟು ಜನರ ತಂಡ ಎಂದಷ್ಟೇ ಇದೆ.